ಸ್ಪ್ರಿಂಗ್, ಪಿಸಿಪಿ, ಸಿಒ2: ಗುರಿ ಅಭ್ಯಾಸಕ್ಕೂ ಹೆಗ್ಗಣದ ಕಾಟಕ್ಕೂ ಯಾವ ಏರ್‌ಗನ್?

ಏರ್‌ಗನ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ವೇಗದ ಅಂಕಿಯ ಕಡೆಗೆ. ಆ ಅಂಕಿ ನೋಡಿ ಮಾತ್ರ ನಿರ್ಧಾರ ಮಾಡಬೇಡಿ. ಬಹಳ ಸಲ ಅದು ತೀರ ಹಗುರವಾದ ಪೆಲೆಟ್ ಹಾಕಿ ಅಳೆದ ವೇಗ. ಅಷ್ಟು ಹಗುರದ ಪೆಲೆಟ್ ಶಬ್ದದ ವೇಗವನ್ನು ಮುಟ್ಟಿದರೆ ಚಟ್ ಅಂತ ಜೋರು ಸದ್ದು ಮಾಡುತ್ತದೆ, ಹಾದಿಯಲ್ಲಿ ತೂರಾಡುತ್ತದೆ, ಎಲ್ಲೋ ಹೋಗಿ ಬೀಳುತ್ತದೆ. ಕಾಗದದ ಗುರಿಗೂ ಹೆಗ್ಗಣಕ್ಕೂ ಅದರಿಂದ ಉಪಯೋಗವಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ಪೆಲೆಟ್ಟನ್ನು ತಳ್ಳುವ ಶಕ್ತಿ ಎಲ್ಲಿಂದ ಬರುತ್ತದೆ? ಸ್ಪ್ರಿಂಗ್ ಗನ್‌ನಲ್ಲಿ ಅದು ಪ್ರತಿ ಸಲವೂ ನಿಮ್ಮ ತೋಳಿನಿಂದ ಬರುತ್ತದೆ. ಪಿಸಿಪಿಯಲ್ಲಿ, ಅಂದರೆ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಗನ್‌ನಲ್ಲಿ, ಒಂದು ಸಿಲಿಂಡರಿನಿಂದ ಬರುತ್ತದೆ. ಸಿಒ2 ಗನ್‌ನಲ್ಲಿ ಪುಟ್ಟ ಕಾರ್ಟ್ರಿಜ್‌ನೊಳಗೆ ದ್ರವವಾಗಿ ಕೂತಿರುವ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಹಿಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ಮೂರರ ಗುಣ, ದೋಷ, ಖರ್ಚು ಎಲ್ಲವೂ ಇದೊಂದರಿಂದಲೇ ಹುಟ್ಟುತ್ತವೆ.

ಮೊದಲು ಅಳತೆಗೋಲು

ಗುರಿ ಅಭ್ಯಾಸ ಮತ್ತು ಇಲಿ ಹೆಗ್ಗಣಗಳ ನಿಯಂತ್ರಣ ಎರಡಕ್ಕೂ ನಿಖರತೆ ಬೇಕು ಅನ್ನುವುದೇನೋ ನಿಜ, ಆದರೆ ಬೇಕಾದ ನಿಖರತೆ ಒಂದೇ ಥರದ್ದಲ್ಲ. ಅಭ್ಯಾಸದಲ್ಲಿ ನೀವು ಸಾಲಾಗಿ ಹತ್ತಾರು ಹೊಡೆತ ಹೊಡೆಯುತ್ತೀರಿ. ಅಲ್ಲಿ ನಲವತ್ತನೇ ಹೊಡೆತವೂ ಮೊದಲನೆಯದರ ಹಾಗೆಯೇ ಬೀಳಬೇಕು. ಹೆಗ್ಗಣಕ್ಕೆ ಕಾಯುವಾಗ ಹೊಡೆಯುವುದು ಒಂದೇ ಒಂದು ಸಲ. ಅದೂ ಗನ್ ಗಂಟೆಗಟ್ಟಲೆ ಸುಮ್ನೆ ಇದ್ದ ಮೇಲೆ. ಅಲ್ಲಿ ಮೊದಲ ಹೊಡೆತವೇ ಎಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಜೀವ ತೆಗೆಯುವ ಕೆಲಸವಾದ್ದರಿಂದ ಒಂದು ಗಟ್ಟಿ ನಿಯಮ ಇಟ್ಟುಕೊಳ್ಳಿ. ಹೆಗ್ಗಣದ ತಲೆಯಲ್ಲಿ ನೀವು ಮುಟ್ಟಬೇಕಾದ ಜಾಗ ಸುಮಾರು 25 ಮಿಲಿಮೀಟರ್ ಅಗಲದ ವೃತ್ತ ಎಂದಿಟ್ಟುಕೊಳ್ಳೋಣ. ಎಷ್ಟು ದೂರದವರೆಗೆ ನಿಮ್ಮ ಎಲ್ಲಾ ಹೊಡೆತಗಳೂ ಆ ವೃತ್ತದೊಳಗೆ ಬೀಳುತ್ತವೋ ಅಷ್ಟೇ ನಿಮ್ಮ ದೂರ. ಹತ್ತರಲ್ಲಿ ಎಂಟು ಒಳಗೆ ಬಿದ್ದರೆ ಸಾಲದು. ಉಳಿದ ಎರಡರಲ್ಲಿ ಪ್ರಾಣಿ ಗಾಯಗೊಂಡು ಬಿಲ ಸೇರಿ ನರಳಿ ಸಾಯುತ್ತದೆ.

ಇನ್ನು ಶಕ್ತಿ. ಹೆಗ್ಗಣದ ತಲೆಗೆ ಹೊಡೆಯುವುದಾದರೆ ಅದನ್ನು ಮುಟ್ಟುವ ಹೊತ್ತಿಗೆ ಪೆಲೆಟ್‌ನಲ್ಲಿ 8 ಜೌಲ್‌ನಷ್ಟಾದರೂ ಉಳಿದಿರಲಿ. ನಳಿಗೆ ಬಿಡುವಾಗಿನ ಶಕ್ತಿಯ ಮಾತಲ್ಲ ಇದು, ತಲುಪಿದಾಗಿನದು. ಕಾಗದಕ್ಕೆ ಇಷ್ಟು ಬೇಕಿಲ್ಲ. 10 ಮೀಟರ್ ಸ್ಪರ್ಧೆಯ ರೈಫಲ್‌ಗಳೇ 7 ಜೌಲ್ ಆಸುಪಾಸಿನಲ್ಲಿ ಇರುತ್ತವೆ, ಅಲ್ಲಿ ಹತ್ತು ಅಂಕದ ಗುರಿ ಬರೀ ಅರ್ಧ ಮಿಲಿಮೀಟರಿನ ಚುಕ್ಕೆ.

ಶಕ್ತಿಯ ಲೆಕ್ಕ ಸುಲಭ. ಪೆಲೆಟ್‌ನ ತೂಕವನ್ನು ಕಿಲೋಗ್ರಾಂಗೆ ಬದಲಿಸಿ, ವೇಗವನ್ನು ಅದೇ ವೇಗದಿಂದ ಗುಣಿಸಿ, ಬಂದ ಎರಡು ಅಂಕಿಗಳನ್ನೂ ಗುಣಿಸಿ ಅರ್ಧ ಮಾಡಿದರೆ ಆಯಿತು. 0.55 ಗ್ರಾಂನ 4.5 ಮಿಲಿಮೀಟರ್ ಪೆಲೆಟ್ ಸೆಕೆಂಡಿಗೆ 235 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 15 ಜೌಲ್. 1.03 ಗ್ರಾಂನ 5.5 ಮಿಲಿಮೀಟರ್ ಪೆಲೆಟ್‌ಗೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬರಲು ಸೆಕೆಂಡಿಗೆ 170 ಮೀಟರ್ ಸಾಕು. ನಿಧಾನದ್ದು ಎಂದರೆ ದುರ್ಬಲ ಎಂದಲ್ಲ ಅನ್ನುವುದು ಇಲ್ಲಿಯೇ ಗೊತ್ತಾಗುತ್ತದೆ.

ಶಕ್ತಿಯ ಮಿತಿ, ಪರವಾನಗಿ, ಯಾವ ಪ್ರಾಣಿಯನ್ನು ಹೊಡೆಯಬಹುದು, ಶಬ್ದ ತಗ್ಗಿಸುವ ಕೊಳವೆ ಹಾಕಬಹುದೇ ಎಂಬ ಕಾನೂನುಗಳು ದೇಶದಿಂದ ದೇಶಕ್ಕೆ ಬೇರೆ. ಗನ್ ಆರಿಸುವ ಮೊದಲು ಇದನ್ನು ತಿಳಿದುಕೊಳ್ಳಿ, ಯಾಕೆಂದರೆ ಕೆಲವು ಕಡೆ ಈ ಮಿತಿಯೇ ಮೂರರಲ್ಲಿ ಒಂದನ್ನೋ ಎರಡನ್ನೋ ಪಟ್ಟಿಯಿಂದ ಕಿತ್ತುಹಾಕುತ್ತದೆ.

ಸ್ಪ್ರಿಂಗ್ ಪಿಸ್ಟನ್

ನಳಿಗೆಯನ್ನು ಮುರಿದಂತೆ ಬಗ್ಗಿಸಿದಾಗ, ಅಥವಾ ಕೆಳಗಿನ ಸನ್ನೆಯನ್ನು ಎಳೆದಾಗ, ಒಳಗಿನ ದಪ್ಪ ಸ್ಪ್ರಿಂಗ್ ಒತ್ತಿಕೊಂಡು ಕೂರುತ್ತದೆ. ಟ್ರಿಗರ್ ಒತ್ತಿದರೆ ಅದು ಪಿಸ್ಟನ್ನನ್ನು ಮುಂದಕ್ಕೆ ದಬ್ಬುತ್ತದೆ, ಪಿಸ್ಟನ್ ಮುಂದಿರುವ ಗಾಳಿ ಕ್ಷಣಾರ್ಧದಲ್ಲಿ ಹಿಂಡಿ ಬಿಸಿಯಾಗಿ ಪೆಲೆಟ್ಟನ್ನು ಹೊರಗೆ ನೂಕುತ್ತದೆ. ಇಷ್ಟೇ. ಪಂಪ್ ಬೇಡ, ಸಿಲಿಂಡರ್ ಬೇಡ, ಕಾರ್ಟ್ರಿಜ್ ಬೇಡ. ಒಂದು ಡಬ್ಬ ಪೆಲೆಟ್ ಇದ್ದರೆ ಯಾವತ್ತು ಬೇಕಾದರೂ ಹೊಡೆಯಬಹುದು. ಚೆನ್ನಾಗಿ ನೋಡಿಕೊಂಡರೆ ದಶಕಗಳ ಕಾಲ ಬಾಳುತ್ತದೆ, ಸ್ಪ್ರಿಂಗ್ ಮತ್ತು ಪಿಸ್ಟನ್ ಸೀಲ್ ಬದಲಿಸಿದರೆ ಮತ್ತೆ ಹೊಸತರಂತೆ.

ತೊಂದರೆ ಇರುವುದು ಅದರ ಒದೆತದಲ್ಲಿ. ಭಾರದ ಪಿಸ್ಟನ್ ಮುಂದಕ್ಕೆ ಹಾರಿದಾಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆಗೆ ಗಾಳಿಯ ದಿಂಬಿಗೆ ಬಡಿದು ನಿಂತಾಗ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಈ ಗಲಾಟೆಯೆಲ್ಲ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಶುರುವಾಗಿರುತ್ತದೆ. ಹಾಗಾಗಿ ರೈಫಲ್ಲನ್ನು ನೀವು ಹೇಗೆ ಹಿಡಿದಿದ್ದೀರಿ ಎನ್ನುವುದೇ ಪೆಲೆಟ್ ಎಲ್ಲಿ ಬೀಳುತ್ತದೆ ಎನ್ನುವುದನ್ನು ಬದಲಿಸುತ್ತದೆ. ಬಿಗಿಯಾಗಿ ಹಿಡಿದರೆ ಒಂದು ಕಡೆ, ಸಡಿಲವಾಗಿ ಹಿಡಿದರೆ ಇನ್ನೊಂದು ಕಡೆ. ಮೇಜಿನ ಮೇಲೆ ಗಟ್ಟಿಯಾಗಿ ಊರಿದರೆ ಮತ್ತೊಂದು ಕಡೆ.

ಇದಕ್ಕೆ ಮದ್ದು ಅಂದರೆ ಹಿಡಿಯದೆ ಹಿಡಿಯುವುದು. ರೈಫಲ್ ಸಮತೂಕ ನಿಲ್ಲುವ ಜಾಗದಲ್ಲಿ ಎಡಗೈಯ ಅಂಗೈ ಬಿಚ್ಚಿ ಅದರ ಮೇಲೆ ಕೂರಿಸಿ, ಬೆರಳು ಮಡಚಬೇಡಿ. ಹಿಂಬದಿಯನ್ನು ಭುಜಕ್ಕೆ ಮೆತ್ತಗೆ ತಾಗಿಸಿ. ಅದು ಪ್ರತಿ ಸಲವೂ ಒಂದೇ ರೀತಿ ಒದೆಯಲು ಬಿಡಿ. ಪೆಲೆಟ್ ಹೋದ ಮೇಲೂ ಒಂದೆರಡು ಕ್ಷಣ ಗುರಿಯಿಂದ ಕಣ್ಣು ತೆಗೆಯಬೇಡಿ. ಇದನ್ನು ಕಲಿತವರ ಕೈಯಲ್ಲಿ ಒಳ್ಳೆಯ ಸ್ಪ್ರಿಂಗ್ ರೈಫಲ್ 20 ಮೀಟರಿನಲ್ಲಿ 25 ಮಿಲಿಮೀಟರ್ ವೃತ್ತದೊಳಗೆ ಆರಾಮಾಗಿ ಇಡುತ್ತದೆ. ಕಲಿಯದವರ ಕೈಯಲ್ಲಿ ಅದೇ ರೈಫಲ್ ಮೂರು ಪಟ್ಟು ಚೆದುರಿಸಬಹುದು, ಅವರು ರೈಫಲ್ಲನ್ನೇ ಬೈಯುತ್ತಾರೆ.

ಗುರಿ ಅಭ್ಯಾಸಕ್ಕೆ ನನಗೆ ಈ ಗುಣವೇ ಇಷ್ಟ. ನಿಮ್ಮ ತಪ್ಪನ್ನು ಅದು ಮುಚ್ಚಿಡುವುದಿಲ್ಲ. ಇದರಲ್ಲಿ ಚೆನ್ನಾಗಿ ಹೊಡೆಯಲು ಕಲಿತವರಿಗೆ ಬೇರೆ ಯಾವುದೂ ಕಷ್ಟವಾಗುವುದಿಲ್ಲ. ಆದರೆ ಹೆಗ್ಗಣಕ್ಕೆ ಕಾಯುವವರು ಯಾವಾಗಲೂ ಮೇಜಿನ ಮುಂದೆ ಕೂತಿರುವುದಿಲ್ಲ, ಅಲ್ವಾ? ಗೋಡೆಗೆ ಒರಗಿ, ಮೊಣಕಾಲೂರಿ, ಚೀಲಗಳ ಸಂದಿಯಿಂದ ಇಣುಕಿ ಹೊಡೆಯಬೇಕಾಗುತ್ತದೆ. ಭಂಗಿ ಬದಲಾದ ಹಾಗೆ ಗುರಿ ಬೀಳುವ ಜಾಗವೂ ಸರಿಯುತ್ತದೆ. ಕಾಗದದ ಮೇಲೆ ಕೂತು ಐದು, ಮೊಣಕಾಲೂರಿ ಐದು, ಗೋಡೆಗೆ ಒರಗಿ ಐದು ಹೊಡೆದು ನೋಡಿ. ಮೂರು ಗುಂಪುಗಳ ನಡುಬಿಂದು ಎಷ್ಟು ಸರಿದಿದೆ ಎಂದು ನೋಡಿದರೆ ನೀವು ಯಾವ ಭಂಗಿಯನ್ನು ನಂಬಬಹುದು ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲ ಹೊಡೆತದ ವಿಚಾರದಲ್ಲಿ ಸ್ಪ್ರಿಂಗ್ ಗನ್ ಸಾಕಷ್ಟು ನಂಬಿಗಸ್ತ, ಒಂದು ಷರತ್ತಿನ ಮೇಲೆ. ಪಿಸ್ಟನ್ ಮುಂದಿನ ಜಾಗಕ್ಕೆ ಎಣ್ಣೆ ಬಿಡಬಾರದು. ಸಾಮಾನ್ಯ ಮೆಷಿನ್ ಎಣ್ಣೆ ಅಲ್ಲಿಗೆ ಇಳಿದರೆ ಬಿಸಿ ಗಾಳಿಯಲ್ಲಿ ಹೊತ್ತಿಕೊಳ್ಳುತ್ತದೆ. ನಳಿಗೆಯಿಂದ ಹೊಗೆ, ಸುಟ್ಟ ವಾಸನೆ, ಎಂದಿಗಿಂತ ಜೋರು ಸದ್ದು ಬಂದರೆ ಇದೇ ಕಾರಣ. ಆ ಹೊಡೆತ ಬೇರೆ ಕಡೆ ಬೀಳುತ್ತದೆ, ಪದೇ ಪದೇ ಆದರೆ ಸೀಲೂ ಸ್ಪ್ರಿಂಗೂ ಹಾಳು. ಹೊಸ ಗನ್‌ನಲ್ಲಿ ಕಾರ್ಖಾನೆಯ ಎಣ್ಣೆ ಉರಿದು ಮುಗಿಯುವವರೆಗೆ ಸ್ವಲ್ಪ ಹೊಗೆ ಬರುವುದು ಮಾಮೂಲು, ಆಮೇಲೂ ಬಂದರೆ ಯೋಚಿಸಬೇಕು.

ಇನ್ನೂ ಎರಡು ಮಾತು. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಗಾಳಿಯ ದಿಂಬಿಲ್ಲದೆ ಪಿಸ್ಟನ್ ಹೋಗಿ ಲೋಹಕ್ಕೆ ಅಪ್ಪಳಿಸುತ್ತದೆ. ಮತ್ತು ಇದಕ್ಕೆ ಹಾಕುವ ಸ್ಕೋಪ್ ಸ್ಪ್ರಿಂಗ್ ಏರ್‌ಗನ್‌ಗೆಂದೇ ಮಾಡಿದ್ದಾಗಿರಲಿ. ಮುಂದಕ್ಕೂ ಹಿಂದಕ್ಕೂ ಆಗುವ ಆ ಎರಡು ಒದೆತ, ಹಿಂದಕ್ಕೆ ಮಾತ್ರ ಒದೆಯುವ ಬಂದೂಕಿಗೆಂದು ಮಾಡಿದ ದುಬಾರಿ ಸ್ಕೋಪನ್ನೂ ಒಳಗಿಂದ ಸಡಿಲಗೊಳಿಸಬಲ್ಲದು. ಗುರಿ ದಿನದಿಂದ ದಿನಕ್ಕೆ ಸರಿಯುತ್ತಿದ್ದರೆ ಮೊದಲು ಸ್ಕೋಪ್ ಕೂರಿಸಿದ ಹಿಡಿಕೆಗಳು ಜಾರಿವೆಯೇ ನೋಡಿ, ಆಮೇಲೆ ಸ್ಕೋಪನ್ನು ಅನುಮಾನಿಸಿ.

ಕಾಕ್ ಮಾಡಲು, ಅಂದರೆ ಸ್ಪ್ರಿಂಗನ್ನು ಒತ್ತಿ ಕೂರಿಸಲು, ಸುಮಾರು 13ರಿಂದ 18 ಕಿಲೋ ತೂಕ ಎಳೆಯುವಷ್ಟು ಬಲ ಬೇಕು. ಒಂದೆರಡು ಸಲಕ್ಕೆ ಏನೂ ಅನ್ನಿಸದು. ಐವತ್ತು ಹೊಡೆತದ ಅಭ್ಯಾಸದ ಕೊನೆಗೆ ತೋಳು ನಡುಗುತ್ತದೆ, ಮಕ್ಕಳಿಗೂ ಭುಜದ ನೋವಿರುವವರಿಗೂ ಇದು ನಿಜವಾದ ಅಡ್ಡಿ. ಪೆಲೆಟ್ ಹಾಕುವಾಗ ಒಂದು ಕೈ ನಳಿಗೆಯನ್ನು ಅಥವಾ ಸನ್ನೆಯನ್ನು ಹಿಡಿದೇ ಇರಲಿ. ಕೊಂಡಿ ಜಾರಿ ಅದು ಮುಚ್ಚಿಕೊಂಡರೆ ಬೆರಳು ಉಳಿಯುವುದಿಲ್ಲ.

ಸಿಒ2

ಹೊಡೆಯಲು ಇದರಷ್ಟು ಹಗುರದ್ದು ಬೇರೆ ಇಲ್ಲ. 12 ಗ್ರಾಂನ ಒಂದು ಕಾರ್ಟ್ರಿಜ್ ಸಿಕ್ಕಿಸಿ ತಿರುಪು ಬಿಗಿದರೆ ಗನ್ ತಯಾರು. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಕಾಕ್ ಮಾಡಲು ಬಲ ಬೇಡ, ಒಂದಾದ ಮೇಲೊಂದು ಬೇಗ ಬೇಗ ಹೊಡೆಯಬಹುದು. ಒಂದು ಕಾರ್ಟ್ರಿಜ್‌ನಲ್ಲಿ ಪಿಸ್ತೂಲಾದರೆ ಸುಮಾರು ಐವತ್ತು ಹೊಡೆತ, ಶಕ್ತಿ ಜಾಸ್ತಿ ಇರುವ ರೈಫಲ್ಲಾದರೆ ಅದಕ್ಕಿಂತ ಕಡಿಮೆ.

ಆದರೆ ಅದರ ಒತ್ತಡ ನಿಮ್ಮ ಕೈಯಲ್ಲಿಲ್ಲ, ಹವೆಯ ಕೈಯಲ್ಲಿದೆ. ಕಾರ್ಟ್ರಿಜ್‌ನಲ್ಲಿ ದ್ರವ ಇರುವಷ್ಟು ಕಾಲ ಒಳಗಿನ ಒತ್ತಡವನ್ನು ತಾಪಮಾನವೇ ನಿರ್ಧರಿಸುತ್ತದೆ. 20 ಡಿಗ್ರಿಯಲ್ಲಿ ಅದು ಸುಮಾರು 57 ಬಾರ್. 0 ಡಿಗ್ರಿಯಲ್ಲಿ ಸುಮಾರು 35 ಬಾರ್. 30 ಡಿಗ್ರಿಯಲ್ಲಿ ಸುಮಾರು 72 ಬಾರ್. ಒಂದೇ ಗನ್, ಒಂದೇ ಪೆಲೆಟ್, ಮಧ್ಯಾಹ್ನ ಒಂದು ವೇಗ, ರಾತ್ರಿ ಇನ್ನೊಂದು ವೇಗ. ಅಂದಾಜಿಗೆ ಒಂದು ಡಿಗ್ರಿ ಇಳಿದರೆ ಸೆಕೆಂಡಿಗೆ ಒಂದು ಮೀಟರ್ ಇಳಿಯಿತು ಎಂದಿಟ್ಟುಕೊಳ್ಳಬಹುದು.

ಬೇಗ ಬೇಗ ಹೊಡೆದರೂ ಇದೇ ಕಥೆ. ದ್ರವ ಅನಿಲವಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ, ಗನ್ ಮುಟ್ಟಿದರೆ ತಣ್ಣಗಿರುತ್ತದೆ, ಒತ್ತಡ ಬೀಳುತ್ತದೆ, ಪೆಲೆಟ್‌ಗಳು ಮೆಲ್ಲಗೆ ಕೆಳಗೆ ಕೆಳಗೆ ಬೀಳತೊಡಗುತ್ತವೆ. ಎರಡು ಹೊಡೆತದ ನಡುವೆ ಹತ್ತು ಹದಿನೈದು ಸೆಕೆಂಡ್ ಬಿಟ್ಟರೆ ಗನ್ ಮತ್ತೆ ಹದಕ್ಕೆ ಬರುತ್ತದೆ. ದ್ರವವೆಲ್ಲ ಮುಗಿದ ಮೇಲೆ ಮಾತ್ರ ಏನು ಮಾಡಿದರೂ ವೇಗ ಇಳಿಯುತ್ತಲೇ ಹೋಗುತ್ತದೆ. ಸದ್ದು ಪೊಳ್ಳಾಯಿತು, ಗುರಿಗಿಂತ ಕೆಳಗೆ ಬೀಳುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಇಲ್ಲವಾದರೆ ಪೆಲೆಟ್ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ಹೋಗಿ ಸೇರುತ್ತದೆ.

ಸ್ಪರ್ಧೆಗಳಲ್ಲಿ ಒಂದು ಕಾಲಕ್ಕೆ ಸಿಒ2 ರೈಫಲ್, ಪಿಸ್ತೂಲುಗಳು ಬಹಳ ಚಾಲ್ತಿಯಲ್ಲಿದ್ದವು. ಒಳಾಂಗಣದಲ್ಲಿ, ಒಂದೇ ತಾಪಮಾನದಲ್ಲಿ, ನಿಧಾನಕ್ಕೆ ಹೊಡೆಯುವವರಿಗೆ ಅವು ಚೆನ್ನಾಗಿಯೇ ಕೆಲಸ ಮಾಡಿದವು. ತುಂಬಿಟ್ಟ ಗಾಳಿಯ ಗನ್‌ಗಳು ಬಂದ ಮೇಲೆ ಆಟಗಾರರು ಅತ್ತ ಹೊರಳಿದರು. ಹವೆಯ ಚಿಂತೆ ಇಲ್ಲದಿರುವುದು ಅದಕ್ಕೆ ದೊಡ್ಡ ಕಾರಣ. ಮನೆಯೊಳಗೆ ಹತ್ತು ಮೀಟರ್ ಜಾಗ ಇರುವವರಿಗೆ, ವಿಶೇಷವಾಗಿ ಪಿಸ್ತೂಲ್ ಅಭ್ಯಾಸಕ್ಕೆ, ಸಿಒ2 ಇವತ್ತಿಗೂ ಒಳ್ಳೆಯ ಆಯ್ಕೆಯೇ.

ಹೆಗ್ಗಣಕ್ಕೆ? ಲೆಕ್ಕ ಹಾಕೋಣ. ಸಾಮಾನ್ಯ ಸಿಒ2 ಪಿಸ್ತೂಲು ಅರ್ಧ ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ 120 ಮೀಟರ್‌ನಲ್ಲಿ ಕಳಿಸಿದರೆ ನಳಿಗೆಯ ಬಾಯಲ್ಲೇ 3.6 ಜೌಲ್. ಅದನ್ನು ಪ್ರಾಣಿಯ ಮೇಲೆ ಎತ್ತಲೇಬಾರದು. ರೈಫಲ್ ವಿಷಯಕ್ಕೆ ಈಗ ಬರುತ್ತೇನೆ.

ಒಂದು ಗೋದಾಮಿನ ಲೆಕ್ಕ

ಧಾನ್ಯದ ಗೋದಾಮೊಂದನ್ನು ಊಹಿಸಿಕೊಳ್ಳಿ. ನೀವು ಕೂರುವ ಮೂಲೆಯಿಂದ ಹೆಗ್ಗಣ ಓಡಾಡುವ ಗೋಡೆಗೆ 20 ಮೀಟರ್. ಮಧ್ಯಾಹ್ನ 30 ಡಿಗ್ರಿಯ ಬಿಸಿಲಿನಲ್ಲಿ 5.5 ಮಿಲಿಮೀಟರ್ ಸಿಒ2 ರೈಫಲ್‌ನ ಸ್ಕೋಪನ್ನು 20 ಮೀಟರಿಗೆ ಸರಿಹೊಂದಿಸಿದಿರಿ. ಪೆಲೆಟ್ 0.93 ಗ್ರಾಂ, ವೇಗ ಸೆಕೆಂಡಿಗೆ 150 ಮೀಟರ್. ಹೊರಡುವಾಗ ಸುಮಾರು 10.5 ಜೌಲ್. ಹಾದಿಯಲ್ಲಿ ಒಂದಷ್ಟು ಕಳೆದರೂ ತಲುಪುವಾಗ 8ಕ್ಕಿಂತ ಮೇಲೆಯೇ ಇರುತ್ತದೆ. ಸರಿ, ನಡೆಯುತ್ತದೆ ಅನ್ನಿಸುತ್ತದೆ.

ಹೆಗ್ಗಣ ಹೊರಬರುವುದು ರಾತ್ರಿ, ಗೋದಾಮು 10 ಡಿಗ್ರಿಗೆ ಇಳಿದಿದೆ. 20 ಡಿಗ್ರಿ ಇಳಿದಿದ್ದರಿಂದ ವೇಗ 130ಕ್ಕೆ ಬಂತು. ಶಕ್ತಿ ಹೊರಡುವಾಗಲೇ 7.9 ಜೌಲ್, ಕಾಲು ಭಾಗ ಮಾಯ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಧ್ಯಾಹ್ನದ ವೇಗದಲ್ಲಿ ಪೆಲೆಟ್ 20 ಮೀಟರ್ ಮುಟ್ಟುವಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು 9 ಸೆಂಟಿಮೀಟರ್ ಬಿದ್ದಿರುತ್ತದೆ. ಸ್ಕೋಪ್ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ರಾತ್ರಿಯ ವೇಗದಲ್ಲಿ ಅದು 12 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ಬೀಳುತ್ತದೆ. ಅಂದರೆ ನೀವು ಏನೂ ತಪ್ಪು ಮಾಡದೆ ಇದ್ದರೂ ಹೊಡೆತ 3 ಸೆಂಟಿಮೀಟರ್ ಕೆಳಗೆ. ನಮ್ಮ ವೃತ್ತದ ಅಗಲವೇ ಎರಡೂವರೆ ಸೆಂಟಿಮೀಟರ್. ನಡುವಿಗೆ ಇಟ್ಟ ಗುರಿ ವೃತ್ತದಿಂದಾಚೆ ಹೋಗಿ ದವಡೆಗೋ ಕಾಲಿಗೋ ಬೀಳುತ್ತದೆ.

ರಾತ್ರಿಯ ತಾಪಮಾನದಲ್ಲೇ ಸ್ಕೋಪ್ ಸರಿಹೊಂದಿಸಿದರೆ ಬೀಳುವ ಜಾಗ ಸರಿಯಾಗುತ್ತದೆ, ಶಕ್ತಿ ಮಾತ್ರ ವಾಪಸ್ ಬರುವುದಿಲ್ಲ. ದೂರವನ್ನು 10 ಮೀಟರಿಗೆ ಇಳಿಸಿ, ಹವೆ ಬೆಚ್ಚಗಿರುವಾಗ ಮಾತ್ರ, ಶಕ್ತಿಯುತ ರೈಫಲ್‌ನಿಂದ ಮಾಡುವುದಾದರೆ ಸಿಒ2 ಸಾಗೀತು. ಹೆಗ್ಗಣಕ್ಕೆಂದೇ ಕೊಳ್ಳುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಇದೇ ಮೂಲೆಯಲ್ಲಿ 15 ಜೌಲ್‌ನ ಸ್ಪ್ರಿಂಗ್ ರೈಫಲ್ ಇದ್ದರೆ ಹವೆಯಿಂದ ಆಗುವ ವ್ಯತ್ಯಾಸ ಸಣ್ಣದು, ತಲುಪುವ ಶಕ್ತಿಯೂ ಸಾಕಷ್ಟು. ಪ್ರಶ್ನೆ ನಿಮ್ಮ ಹಿಡಿತದ್ದು ಮಾತ್ರ. ಕೂರುವ ಜಾಗ ಒಂದೇ ಆಗಿದ್ದರೆ, ದಿನವೂ ಅದೇ ಕುರ್ಚಿ, ಅದೇ ಭಂಗಿ, ಮೊಣಕಾಲಿನ ಮೇಲೆ ಊರಿದ ಅದೇ ಅಂಗೈ, ಆಗ ಸ್ಪ್ರಿಂಗ್ ಗನ್ ಈ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮುಗಿಸುತ್ತದೆ. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಅವಕಾಶವಿಲ್ಲ, ನಳಿಗೆ ಮುರಿಯುವ ಸದ್ದಿಗೇ ಎಲ್ಲವೂ ಓಡಿರುತ್ತವೆ.

ಪಿಸಿಪಿ

ಸಿಲಿಂಡರಿನಲ್ಲಿ 200 ಬಾರ್, ಕೆಲವದರಲ್ಲಿ 300 ಬಾರ್‌ವರೆಗೆ ಗಾಳಿ. ಟ್ರಿಗರ್ ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಕವಾಟವನ್ನು ಬಡಿದು ಕ್ಷಣಕಾಲ ತೆರೆಯುತ್ತದೆ. ಭಾರದ್ದೇನೂ ಅಲುಗಾಡುವುದಿಲ್ಲ, ಒದೆತ ಗೊತ್ತೇ ಆಗುವುದಿಲ್ಲ. ಮೊಣಕಾಲೂರಿ ಹೊಡೆದರೂ ಗೋಡೆಗೆ ಒರಗಿ ಹೊಡೆದರೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತದೆ. ಹೊಸಬರು ಮೊದಲ ದಿನವೇ ಚೆನ್ನಾಗಿ ಹೊಡೆಯುವುದು ಇದರಲ್ಲಿ. ಮ್ಯಾಗಜಿನ್ ಇದ್ದರೆ ಎರಡನೇ ಹೊಡೆತವೂ ಕೂಡಲೇ ಸಿಗುತ್ತದೆ.

ಪಿಸಿಪಿಯಲ್ಲಿ ನಿಜವಾದ ವಿಷಯ ರೆಗ್ಯುಲೇಟರ್. ಅದು ಇಲ್ಲದ ಗನ್‌ನಲ್ಲಿ ಸಿಲಿಂಡರ್ ತುಂಬಿದಾಗ ಒತ್ತಡ ಎಷ್ಟಿರುತ್ತದೆಂದರೆ ಕವಾಟ ಸರಿಯಾಗಿ ತೆರೆಯುವುದೇ ಇಲ್ಲ, ವೇಗ ಕಡಿಮೆ. ಒತ್ತಡ ಇಳಿದ ಹಾಗೆ ವೇಗ ಏರುತ್ತದೆ, ನಡುವೆ ಒಂದಷ್ಟು ಹೊತ್ತು ಸಮನಾಗಿ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಆ ಸಮನಾದ ಭಾಗ ಎಲ್ಲಿಂದ ಎಲ್ಲಿಗೆ ಎಂದು ವೇಗಮಾಪಕದಿಂದಲೋ, 25 ಮೀಟರಿನ ಕಾಗದದಿಂದಲೋ ಕಂಡುಕೊಂಡು ಅಷ್ಟರೊಳಗೇ ತುಂಬಿ ಅಷ್ಟರೊಳಗೇ ನಿಲ್ಲಿಸಬೇಕು. ರೆಗ್ಯುಲೇಟರ್ ಇದ್ದರೆ ಅದು ಕವಾಟಕ್ಕೆ ಒಂದೇ ಒತ್ತಡ ಕೊಡುತ್ತದೆ, ಸಿಲಿಂಡರಿನ ಒತ್ತಡ ಅದರ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಎಲ್ಲ ಹೊಡೆತವೂ ಒಂದೇ ಸಮ. ಅಭ್ಯಾಸಕ್ಕೆ ಬೇಕಾಗಿದ್ದ ಆ ನಲವತ್ತನೇ ಹೊಡೆತ ಇದೇ.

ಆದರೆ ಮೊದಲ ಹೊಡೆತದಲ್ಲಿ ಇದರದ್ದೂ ಒಂದು ಕಾಯಿಲೆ ಇದೆ. ರೆಗ್ಯುಲೇಟರಿನೊಳಗೆ ಗಾಳಿಯ ದಾರಿ ಮುಚ್ಚುವ ಸೀಟು ಸವೆದರೆ ಅಥವಾ ಅಲ್ಲಿ ಧೂಳು ಕೂತರೆ, ಗನ್ ಸುಮ್ನೆ ಇರುವಾಗ ಗಾಳಿ ಒಂದೊಂದೇ ಹನಿಯ ಹಾಗೆ ಕವಾಟದ ಕಡೆಗೆ ಸೋರುತ್ತದೆ. ಗಂಟೆಗಳ ನಂತರದ ಮೊದಲ ಹೊಡೆತ ಬೇರೆ ವೇಗದಲ್ಲಿ ಹೋಗುತ್ತದೆ, ಎರಡನೆಯದರಿಂದ ಎಲ್ಲ ಸರಿ. ಅಭ್ಯಾಸ ಮಾಡುವವರು ಇದನ್ನು ಗಮನಿಸುವುದೇ ಇಲ್ಲ, ಕೈ ಇನ್ನೂ ಕೂತಿರಲಿಲ್ಲ ಅಂದುಕೊಳ್ಳುತ್ತಾರೆ. ಹೆಗ್ಗಣಕ್ಕೆ ಕಾಯುವವರಿಗೆ ಅದೇ ಹೊಡೆತ ಮುಖ್ಯ. ಪ್ರತಿದಿನದ ಮೊದಲನೆಯದು ಮಾತ್ರ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ರೆಗ್ಯುಲೇಟರ್ ಬಿಚ್ಚಿಸಿ ಸೀಟು ಬದಲಿಸುವ ಕಾಲ ಬಂತು ಎಂದರ್ಥ.

ಇನ್ನು ಗಾಳಿ ತುಂಬುವುದು. ಬಜೆಟ್ ತಲೆಕೆಳಗಾಗುವುದು ಇಲ್ಲೇ. 200 ಮಿಲಿಲೀಟರ್ ಸಿಲಿಂಡರನ್ನು 100 ಬಾರ್‌ನಿಂದ 200ಕ್ಕೆ ಏರಿಸಲು ಸುಮಾರು 20 ಲೀಟರ್ ಗಾಳಿ ಬೇಕು. 16 ಜೌಲ್ ಆಸುಪಾಸಿನ ಗನ್‌ಗೆ ಅದರಲ್ಲಿ ನಲವತ್ತು ಐವತ್ತು ಹೊಡೆತ ಬರಬಹುದು. ಕೈ ಪಂಪಾದರೆ ನೂರರ ಆಸುಪಾಸು ಸಲ ಒತ್ತಬೇಕು, ಕೊನೆಯ ಮೂವತ್ತು ನಲವತ್ತಕ್ಕೆ ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ. ನಡುವೆ ಪಂಪ್ ಬಿಸಿಯಾದರೆ ನಿಲ್ಲಿಸಿ ತಣಿಯಲು ಬಿಡಬೇಕು, ಇಲ್ಲದಿದ್ದರೆ ಅದರ ಸೀಲು ಹೋಗುತ್ತದೆ, ಒಳಗೆ ತೇವವೂ ಸೇರುತ್ತದೆ. ವಾರಕ್ಕೆ ನಾಲ್ಕೈದು ಹೆಗ್ಗಣ ಹೊಡೆಯುವವರಿಗೆ ಕೈ ಪಂಪ್ ಧಾರಾಳ ಸಾಕು. ದಿನಕ್ಕೆ ನೂರು ಪೆಲೆಟ್ ಅಭ್ಯಾಸ ಮಾಡುವವರು ಕೆಲವೇ ವಾರದಲ್ಲಿ ಬೇಸತ್ತು ಗನ್ನನ್ನೇ ಮೂಲೆಗೆ ಹಾಕುತ್ತಾರೆ.

ಅಂಥವರಿಗೆ ದೊಡ್ಡ ಟ್ಯಾಂಕ್ ಇಲ್ಲವೇ ಕಂಪ್ರೆಸರ್. 3 ಲೀಟರ್‌ನ 300 ಬಾರ್ ಟ್ಯಾಂಕ್ 200ಕ್ಕೆ ಇಳಿಯುವಷ್ಟರಲ್ಲಿ 300 ಲೀಟರ್ ಗಾಳಿ ಕೊಡುತ್ತದೆ. ಲೆಕ್ಕಕ್ಕೆ 15 ಸಲ ಪೂರ್ತಿ ತುಂಬಿದಂತೆ, ನಿಜದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೂ ಟ್ಯಾಂಕ್‌ನಲ್ಲಿ ಗಾಳಿ ಇರುತ್ತದೆ, ಆದರೆ ಗನ್ನನ್ನು 200ಕ್ಕೆ ಏರಿಸಲಾರದು. ಟ್ಯಾಂಕನ್ನು ತುಂಬಿಸಿಕೊಡುವವರು ನಿಮಗೆ ಹತ್ತಿರದಲ್ಲಿ ಇದ್ದಾರೆಯೇ ಎಂದು ಕೊಳ್ಳುವ ಮುಂಚೆಯೇ ವಿಚಾರಿಸಿ. ಟ್ಯಾಂಕ್‌ಗಳಿಗೆ ನಿಗದಿತ ಅವಧಿಗೊಮ್ಮೆ ಒತ್ತಡದ ಪರೀಕ್ಷೆಯೂ ಆಗಬೇಕು.

ಪಿಸಿಪಿಗೆ ಶುದ್ಧ ಒಣ ಗಾಳಿಯಲ್ಲದೆ ಬೇರೇನೂ ತುಂಬಬೇಡಿ. ಆಮ್ಲಜನಕ ಅಂತೂ ಖಂಡಿತ ಬೇಡ, ಗ್ರೀಸಿನ ಜೊತೆ ಸೇರಿ ಸಿಡಿಯುತ್ತದೆ. ಅದೇ ಕಾರಣಕ್ಕೆ ತುಂಬುವ ಬಾಯಿಗೆ ಪೆಟ್ರೋಲಿಯಂ ಎಣ್ಣೆ ಹಚ್ಚಬಾರದು, ಸಿಲಿಕೋನ್ ಗ್ರೀಸ್ ಮಾತ್ರ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮಾಪಕದ ಮುಳ್ಳು ಇಳಿದಿದ್ದರೆ ಎಲ್ಲೋ ಒಂದು ರಬ್ಬರ್ ಬಳೆ ಸೋರುತ್ತಿದೆ. ಚಿಕ್ಕ ಕೆಲಸ, ಚಿಕ್ಕ ಖರ್ಚು, ಆದರೆ ಸಿಲಿಂಡರಿನ ಗಾಳಿ ಪೂರ್ತಿ ಖಾಲಿ ಮಾಡದೆ ಏನನ್ನೂ ಬಿಚ್ಚಬಾರದು.

ಸದ್ದು ಮೂರರಲ್ಲಿ ಇದರದ್ದೇ ಜೋರು. ಸ್ಪ್ರಿಂಗ್ ಗನ್ ಸದ್ದು ಹೆಚ್ಚಾಗಿ ನಿಮ್ಮ ಕೆನ್ನೆಯ ಹತ್ತಿರದ ಲೋಹದ ಸದ್ದು, ದೂರಕ್ಕೆ ಅಷ್ಟು ಕೇಳದು. ಪಿಸಿಪಿಯ ಬಾಯಿಂದ ಗಾಳಿ ಸಿಡಿದು ಬರುವುದರಿಂದ ಅಕ್ಕಪಕ್ಕದವರಿಗೆ ಕೇಳುತ್ತದೆ, ಉಳಿದ ಹೆಗ್ಗಣಗಳಿಗೂ ಕೇಳುತ್ತದೆ. ಸದ್ದು ತಗ್ಗಿಸುವ ಕೊಳವೆ ನಿಮ್ಮಲ್ಲಿ ಕಾನೂನುಬದ್ಧವಾಗಿದ್ದರೆ ಈ ದೂರು ಬಹುಪಾಲು ಹೋಗುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆ, ಕಲಿಯುವ ತಾಳ್ಮೆ ಇದೆ, ಎರಡೂ ಕೆಲಸಕ್ಕೆ ಒಂದೇ ಗನ್ ಬೇಕು ಅನ್ನುವವರಿಗೆ ಮಧ್ಯಮ ಶಕ್ತಿಯ ಸ್ಪ್ರಿಂಗ್ ರೈಫಲ್ ಹೇಳುತ್ತೇನೆ. ಅತಿ ಶಕ್ತಿಯದ್ದು ಬೇಡ. ಜೋರು ಸ್ಪ್ರಿಂಗ್ ಇದ್ದಷ್ಟೂ ಒದೆತ ಜಾಸ್ತಿ, ಹಿಡಿಯುವುದು ಕಷ್ಟ. ಕಾಗದಕ್ಕೇ ಹೆಚ್ಚು ಬಳಸುವುದಾದರೆ 4.5 ಮಿಲಿಮೀಟರ್.

ಹೆಗ್ಗಣದ ಕಾಟವೇ ಮುಖ್ಯ, ಬೇರೆಬೇರೆ ಜಾಗದಿಂದ ಹೊಡೆಯಬೇಕು, ತಪ್ಪಬಾರದು ಅನ್ನುವವರಿಗೆ ರೆಗ್ಯುಲೇಟರ್ ಇರುವ 5.5 ಮಿಲಿಮೀಟರ್ ಪಿಸಿಪಿ. ಗನ್ನಿನ ಬೆಲೆಯ ಜೊತೆಗೆ ಪಂಪ್, ಮಾಪಕ, ಬಿಡಿ ಸೀಲುಗಳನ್ನು ಕೂಡಿಸಿಯೇ ಬಜೆಟ್ ನೋಡಿ. ಅಷ್ಟು ಹಣ ಕೂಡಿಲ್ಲವಾದರೆ, ಅಗ್ಗದ ಪಿಸಿಪಿಗೆ ಕೈ ಹಾಕುವುದಕ್ಕಿಂತ ಒಳ್ಳೆಯ ಸ್ಪ್ರಿಂಗ್ ರೈಫಲ್ ತಗೊಂಡು ಒಂದೇ ಜಾಗದಲ್ಲಿ ಕೂತು ಹೊಡೆಯುವುದು ಮೇಲು.

ಮನೆಯೊಳಗೆ ಪಿಸ್ತೂಲ್ ಅಭ್ಯಾಸ, ಮಕ್ಕಳಿಗೆ ಕಲಿಸುವುದು, ಭುಜ ನೋವು ಇವೆಲ್ಲಕ್ಕೆ ಸಿಒ2. ಕಾರ್ಟ್ರಿಜ್‌ನ ಖರ್ಚು ಒಂದು ಸಲಕ್ಕೆ ಚಿಕ್ಕದು, ತಿಂಗಳಿಗೆ ಸಾವಿರ ಪೆಲೆಟ್ ಹೊಡೆಯುವವರಿಗೆ ಅದು ಪೆಲೆಟ್‌ನ ಖರ್ಚನ್ನೂ ಮೀರಬಹುದು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಕಾರ್ಟ್ರಿಜ್ ಬಿಡಬೇಡಿ.

ಯಾವುದನ್ನೇ ಕೊಂಡರೂ ಪೆಲೆಟ್ ವಿಷಯ ಒಂದೇ. ಕಾಗದಕ್ಕೆ ಚಪ್ಪಟೆ ಮೂತಿಯದ್ದು, ಅದು ದುಂಡಗೆ ನೀಟಾಗಿ ತೂತು ಮಾಡುತ್ತದೆ. ಹೆಗ್ಗಣಕ್ಕೆ, ಹತ್ತು ಹದಿನೈದು ಮೀಟರ್ ದಾಟಿದ ಮೇಲೆ, ಗುಂಡು ಮೂತಿಯದ್ದು. ಉಕ್ಕಿನ ಗೋಲಿ ಗೋದಾಮಿನೊಳಗೆ ಬೇಡವೇ ಬೇಡ, ಗೋಡೆಗೆ ಬಡಿದು ನಿಮ್ಮ ಕಡೆಗೇ ಬರುತ್ತದೆ. ಕಣ್ಣಿಗೆ ಕನ್ನಡಕ ಯಾವಾಗಲೂ ಇರಲಿ. ಹೆಗ್ಗಣದ ಹಿಂದೆ ಏನಿದೆ ಎಂದು ಕಾಣದಿದ್ದರೆ ಟ್ರಿಗರ್ ಒತ್ತಬೇಡಿ, ಪೆಲೆಟ್ ಆಚೆ ಹೋಗಬಹುದು. ಸತ್ತದ್ದನ್ನು ಕೈಗವಸು ಹಾಕಿ ಎತ್ತಿ ಹೂಳಿ. ಒಳಗಿರುವ ಸೀಸ ಬೆಕ್ಕಿನ, ಗೂಬೆಯ ಹೊಟ್ಟೆ ಸೇರಬಾರದು.

ಗನ್ ಕೈಗೆ ಬಂದ ಮೇಲೆ, ಮೊದಲ ಹೆಗ್ಗಣಕ್ಕೆ ಎತ್ತುವ ಮುಂಚೆ, ಒಂದು ಪರೀಕ್ಷೆ ಮಾಡಿ. 25 ಮಿಲಿಮೀಟರ್ ವೃತ್ತ ಬರೆದ ಕಾಗದವನ್ನು ನೀವು ಹೊಡೆಯಬೇಕಾದ ದೂರದಲ್ಲಿ ಅಂಟಿಸಿ. ನೀವು ಕಾಯುವ ಹೊತ್ತಿಗೆ, ಕಾಯುವ ಭಂಗಿಯಲ್ಲಿ, ದಿನಕ್ಕೆ ಒಂದೇ ಹೊಡೆತ ಹೊಡೆದು ಗನ್ ಎತ್ತಿಡಿ. ಮರುದಿನ ಅದೇ ಕಾಗದಕ್ಕೆ ಇನ್ನೊಂದು. ಹೀಗೆ ಹತ್ತು ದಿನ. ಸಾಲಾಗಿ ಹೊಡೆದ ಹತ್ತಕ್ಕಿಂತ ಈ ಗುಂಪು ಖಂಡಿತ ದೊಡ್ಡದಿರುತ್ತದೆ. ಹತ್ತೂ ವೃತ್ತದೊಳಗಿದ್ದರೆ ಆ ದೂರ ನಿಮ್ಮದು. ಒಂದು ಹೊರಗೆ ಬಿದ್ದಿದ್ದರೂ ಐದು ಮೀಟರ್ ಹತ್ತಿರ ಬಂದು ಹೊಸ ಕಾಗದ ಅಂಟಿಸಿ.